ಮೂರು ನಕ್ಷೆ, ಒಂದು ಹೊಂಗೆ ಮರ: ಶಾಲೆಯ ಆಟದ ಅಂಗಳವನ್ನು ಕಾಗದದ ಮೇಲೆ ಪರೀಕ್ಷಿಸುವುದು ಹೇಗೆ

ಶಾಲೆಯ ಅಂಗಳದಲ್ಲಿ ಜಾರುಬಂಡೆ, ಜೋಕಾಲಿ, ಕಬಡ್ಡಿ ಅಂಕಣ ಎಲ್ಲೆಲ್ಲಿ ಬರಬೇಕು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸಭೆಯಲ್ಲಿ ಮಾತು ಬಂದರೆ ಸಾಮಾನ್ಯವಾಗಿ ಎರಡು ಮೂರು ಕೈನಕ್ಷೆಗಳು ಮೇಜಿನ ಮೇಲೆ ಬರುತ್ತವೆ. ದೈಹಿಕ ಶಿಕ್ಷಣದ ಮೇಷ್ಟ್ರು ಒಂದನ್ನು ಬರೆದಿರುತ್ತಾರೆ, ಸಮಿತಿಯ ಯಾರೋ ಒಬ್ಬರು ಇನ್ನೊಂದನ್ನು ತಂದಿರುತ್ತಾರೆ, ಸಾಮಾನು ಕೂರಿಸುವವರು ಮೂರನೆಯದನ್ನು ಕೊಟ್ಟಿರುತ್ತಾರೆ. ನೋಡಲು ಚೆಂದವಿರುವುದು ಗೆಲ್ಲುತ್ತದೆ. ಕಾಂಕ್ರೀಟ್ ಬಿದ್ದು ಆರು ತಿಂಗಳಾದ ಮೇಲೆ ಜಾರುಬಂಡೆ ಮಧ್ಯಾಹ್ನ ಮುಟ್ಟಲಾಗದಷ್ಟು ಸುಡುತ್ತದೆ ಎನ್ನುವುದೂ ಜೋಕಾಲಿಯ ಮುಂದೆಯೇ ಶೌಚಾಲಯದ ದಾರಿ ಹಾದುಹೋಗುತ್ತದೆ ಎನ್ನುವುದೂ ತಿಳಿಯುತ್ತದೆ. ಇವೆರಡನ್ನೂ ಕಾಗದದ ಮೇಲೇ ಹಿಡಿಯಬಹುದಿತ್ತು.

ಕೋಲಾರದ ಕಡೆಯ ಯಾವುದೇ ಹಳ್ಳಿ ಶಾಲೆಗೆ ಹೊಂದುವಂಥ ಒಂದು ಆವರಣವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಟ್ಟಡ ಉತ್ತರದ ಅಂಚಿನಲ್ಲಿದೆ, ಜಗಲಿ ದಕ್ಷಿಣಕ್ಕೆ ಮುಖ ಮಾಡಿದೆ. ಜಗಲಿಯ ಮುಂದೆ ಪೂರ್ವ ಪಶ್ಚಿಮ 36 ಮೀಟರ್, ಉತ್ತರ ದಕ್ಷಿಣ 28 ಮೀಟರ್ ಬಯಲು. ಸುತ್ತ ಕಲ್ಲು ಚಪ್ಪಡಿಯ ಬೇಲಿ. ಗೇಟು ದಕ್ಷಿಣದ ಬೇಲಿಯಲ್ಲಿ, ಪೂರ್ವದ ತುದಿಗೆ. ಶೌಚಾಲಯ ನೈಋತ್ಯ ಮೂಲೆಯಲ್ಲಿ. ಇರುವುದು ಒಂದೇ ದೊಡ್ಡ ಮರ: ಪಶ್ಚಿಮದ ಬೇಲಿಯಿಂದ 6 ಮೀಟರ್, ಜಗಲಿಯಿಂದ 12 ಮೀಟರ್ ದೂರದಲ್ಲಿ ನಿಂತ ಹೊಂಗೆ. ಎತ್ತರ ಸುಮಾರು 7 ಮೀಟರ್, ಹರಡಿಕೊಂಡ ತಲೆಯ ಅಗಲ 8 ಮೀಟರ್.

ಮೊದಲ ಕೆಲಸ ಮೂರೂ ನಕ್ಷೆಗಳನ್ನು ಒಂದೇ ಅಳತೆಗೆ ತರುವುದು. ಒಬ್ಬರು ಮರವನ್ನು ಚುಕ್ಕೆಯಾಗಿ ಬರೆದಿದ್ದು ಇನ್ನೊಬ್ಬರು ಅರ್ಧ ಅಂಗಳವನ್ನೇ ಮುಚ್ಚುವ ಕೊಡೆಯಂತೆ ಬರೆದಿದ್ದರೆ ಆ ಎರಡನ್ನು ಹೋಲಿಸಲು ಆಗುವುದಿಲ್ಲ. ಎ3 ಅಳತೆಯ ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರಿಗೆ 1 ಮೀಟರ್ ಎಂದು ಹಿಡಿದರೆ 36×28 ಮೀಟರಿನ ಈ ಬಯಲು ಸರಿಯಾಗಿ ಕೂರುತ್ತದೆ. ಅದರ ಮೇಲೆ ಅಲುಗಾಡಿಸಲಾಗದ್ದನ್ನೆಲ್ಲ ಬರೆಯಿರಿ: ಕಟ್ಟಡ, ಮೆಟ್ಟಿಲು, ಗೇಟು, ಶೌಚಾಲಯ, ಸಂಪು, ಬೋರ್‌ವೆಲ್, ಧ್ವಜಸ್ತಂಭ, ಕರೆಂಟು ತಂತಿ, ಮರದ ಕಾಂಡ ಮತ್ತು ಅದರ ತಲೆಯ ಅಗಲ. ಉತ್ತರ ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ನೋಡಿ ಗುರುತು ಮಾಡಿ, ‘ಶಾಲೆಯ ಮುಂಭಾಗ’ ಎಂಬ ಅಂದಾಜಿನಿಂದಲ್ಲ. ಈ ಮೂಲ ಹಾಳೆಯ ಮೇಲೆ ಒಂದೊಂದು ಟ್ರೇಸಿಂಗ್ ಹಾಳೆ ಇಟ್ಟು ಮೂರೂ ಯೋಜನೆಗಳನ್ನು ಬರೆದುಕೊಂಡರೆ ಆಮೇಲೆ ನಡೆಯುವುದು ನಿಜವಾದ ಹೋಲಿಕೆ.

ನಮ್ಮ ಉದಾಹರಣೆಯ ಮೂರು ಯೋಜನೆಗಳು ಹೀಗಿವೆ. ‘ಅ’ ನಕ್ಷೆಯಲ್ಲಿ ಜಾರುಬಂಡೆ ಮತ್ತು ಜೋಕಾಲಿ ಎರಡೂ ಹೊಂಗೆಯ ಕೆಳಗೆ, ಉಳಿದದ್ದೆಲ್ಲ ಬಯಲು. ‘ಆ’ ನಕ್ಷೆಯಲ್ಲಿ ಗದ್ದಲ ತರಗತಿಗೆ ಕೇಳಿಸದಿರಲೆಂದು ಎರಡನ್ನೂ ದಕ್ಷಿಣದ ಬೇಲಿಯ ಪಕ್ಕಕ್ಕೆ ತಳ್ಳಿ, ಮುಂದೆ ಸಾಲಾಗಿ ದಾಸವಾಳದ ಬೇಲಿ ಹಾಕಲಾಗಿದೆ. ನೆರಳಿಗೆಂದು ಪೂರ್ವದ ಬೇಲಿಯುದ್ದಕ್ಕೂ ಸಸಿಗಳು. ‘ಇ’ ನಕ್ಷೆಯಲ್ಲಿ ಜಾರುಬಂಡೆ ಹೊಂಗೆಯ ಪೂರ್ವಕ್ಕೆ, ಕಾಂಡದಿಂದ 5 ಮೀಟರ್ ಆಚೆ. ಜೋಕಾಲಿ ದಕ್ಷಿಣದ ಬೇಲಿಯ ನಡುವೆ. 12×8 ಮೀಟರಿನ ಕಬಡ್ಡಿ ಅಂಕಣ ಪೂರ್ವದ ಕಡೆಗೆ.

ನೆರಳಿನಿಂದ ಶುರು ಮಾಡುವುದು ಒಳ್ಳೆಯದು. ಯಾಕೆಂದರೆ ಮಾರ್ಚ್ ತಿಂಗಳ ಬಿಸಿಲಲ್ಲಿ ಮಕ್ಕಳು ನಕ್ಷೆ ಹೇಳಿದ ಕಡೆ ಆಡುವುದಿಲ್ಲ, ನೆರಳು ಇರುವ ಕಡೆ ಗುಂಪುಗೂಡುತ್ತಾರೆ. ಟೀಚರ್ ಕಣ್ಣಿಡಬೇಕಾದ್ದು ಎಲ್ಲಿ ಎನ್ನುವುದನ್ನೂ ನೆರಳೇ ತೀರ್ಮಾನಿಸುತ್ತದೆ.

ಕೋಲಾರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ 20ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ಬರೀ 13 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ, ಜೂನ್‌ನಲ್ಲಿ ನೆತ್ತಿ ದಾಟಿ ಸುಮಾರು 10 ಡಿಗ್ರಿ ಉತ್ತರಕ್ಕೆ ಹೋಗುತ್ತಾನೆ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ: ಉತ್ತರದ ಅಂಚಿನ ಒಂದಂತಸ್ತಿನ ಕಟ್ಟಡ ಅಂಗಳಕ್ಕೆ ಹೇಳಿಕೊಳ್ಳುವಂಥ ನೆರಳು ಕೊಡುವುದೇ ಇಲ್ಲ. ಡಿಸೆಂಬರಿನಲ್ಲಿ ಅದರ ನೆರಳು ಹಿತ್ತಲಿಗೆ ಬೀಳುತ್ತದೆ, ಜೂನ್‌ನ ನಡುಮಧ್ಯಾಹ್ನ ಮುಂದಕ್ಕೆ ಬಿದ್ದರೂ ಒಂದು ಮೀಟರೂ ದಾಟುವುದಿಲ್ಲ. ಜಾರುಬಂಡೆಯ ತಗಡನ್ನು ಉತ್ತರಕ್ಕೆ ತಿರುಗಿಸಿದರೆ ಕಾಯುವುದಿಲ್ಲ ಎಂಬ ಸಲಹೆಯೊಂದಿದೆ. ಸೂರ್ಯ ಯಾವಾಗಲೂ ದಕ್ಷಿಣದಲ್ಲೇ ಓಡಾಡುವ ಶೀತದೇಶಗಳಿಗೆ ಅದು ಸರಿ, ಇಲ್ಲಿ ಸಾಲದು. ಇಲ್ಲಿ ತಗಡಿನ ಮೇಲೆ ನಿಜವಾಗಿ ನೆರಳು ಬೀಳಬೇಕು. ಹಳೆಯ ಕಲ್ಲಿನ ಜಾರುಬಂಡೆಗೂ ಇದೇ ಮಾತು, ಗ್ರಾನೈಟ್ ಕಾದರೆ ಸಂಜೆಯವರೆಗೂ ಆರುವುದಿಲ್ಲ.

ನೆರಳು ಎಲ್ಲಿ ಬೀಳುತ್ತದೆಂದು ತಿಳಿಯಲು ಒಂದು ಮೀಟರ್ ಉದ್ದದ ಕೋಲು ಸಾಕು. ಮಾರ್ಚ್ 20ರ ಆಸುಪಾಸಿನ ದಿನ ಅದನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಗಿನ ಬಿಡುವು, ಊಟದ ಬಿಡುವು, ಆಟದ ಪೀರಿಯಡ್ ಈ ಮೂರು ಹೊತ್ತಿನಲ್ಲಿ ನೆರಳಿನ ತುದಿಗೆ ಗುರುತು ಹಾಕಿ. ಕೋಲಾರದಲ್ಲಿ ಆ ದಿನಗಳಲ್ಲಿ ಬೆಳಗ್ಗೆ 10:30ಕ್ಕೆ ನೆರಳು ಸುಮಾರು 60 ಸೆಂಟಿಮೀಟರ್ ಉದ್ದ, ಪಶ್ಚಿಮಕ್ಕೆ. ಮಧ್ಯಾಹ್ನ 1:30ಕ್ಕೆ ಸುಮಾರು 38 ಸೆಂಟಿಮೀಟರ್, ಪೂರ್ವಕ್ಕೆ ವಾಲಿ. ಸಂಜೆ 3:30ಕ್ಕೆ ಸುಮಾರು 110 ಸೆಂಟಿಮೀಟರ್, ಬಹುಪಾಲು ನೇರ ಪೂರ್ವಕ್ಕೆ. 12 ಗಂಟೆಗೇ ಸೂರ್ಯ ನೆತ್ತಿಗೆ ಬರಬೇಕಲ್ಲ ಎಂದು ಗೊಂದಲ ಬೇಡ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಹೊತ್ತಿಗೆ, ಕೋಲಾರ ಅದಕ್ಕಿಂತ ಪಶ್ಚಿಮಕ್ಕಿದೆ. ಆದ್ದರಿಂದ ಆ ದಿನಗಳಲ್ಲಿ ಇಲ್ಲಿ ನಿಜವಾದ ನಡುಹಗಲು 12:25ರ ಸುಮಾರಿಗೆ.

ಇದನ್ನು ಹೊಂಗೆಗೆ ಅನ್ವಯಿಸೋಣ. ಮರದ ತಲೆಯ ನಡುಭಾಗ ನೆಲದಿಂದ ಸುಮಾರು 4.5 ಮೀಟರ್ ಮೇಲಿದೆ ಎಂದುಕೊಂಡರೆ, ಬೆಳಗ್ಗೆ ಅದರ ನೆರಳಿನ ನಡುಬಿಂದು ಕಾಂಡದಿಂದ ಎರಡೂವರೆ ಮೀಟರ್ ಪಶ್ಚಿಮಕ್ಕೆ ಸರಿದು ಒಂದಂಚು ಬೇಲಿಯನ್ನೂ ದಾಟುತ್ತದೆ. ಊಟದ ಹೊತ್ತಿಗೆ ಅದು ಒಂದೂಕಾಲು ಮೀಟರ್ ಪೂರ್ವಕ್ಕಿರುತ್ತದೆ, ಅಂದರೆ ಹೆಚ್ಚುಕಡಿಮೆ ಮರದಡಿಯಲ್ಲೇ. 3:30ಕ್ಕೆ ಸುಮಾರು 4.8 ಮೀಟರ್ ಪೂರ್ವಕ್ಕೆ. ಈ ಮೂರೂ ಹೊತ್ತಿನ ನೆರಳನ್ನು 8 ಸೆಂಟಿಮೀಟರ್ ಅಗಲದ ಮೂರು ವೃತ್ತಗಳಾಗಿ ಹಾಳೆಯ ಮೇಲೆ ಎಳೆಯಿರಿ, ಒಂದೊಂದಕ್ಕೆ ಒಂದೊಂದು ಬಣ್ಣ. ಆಗ ನೆರಳು ಒಂದು ಜಾಗವಲ್ಲ, ಪಶ್ಚಿಮದಿಂದ ಪೂರ್ವಕ್ಕೆ ಸರಿಯುವ ಪಟ್ಟಿ ಎಂಬುದು ಕಣ್ಣಿಗೆ ಕಾಣುತ್ತದೆ.

ಈಗ ‘ಇ’ ನಕ್ಷೆಯ ಜಾರುಬಂಡೆ ಯಾಕೆ ಕಾಂಡದಿಂದ 5 ಮೀಟರ್ ಪೂರ್ವಕ್ಕಿದೆ ಎಂಬುದಕ್ಕೆ ಅರ್ಥ ಬರುತ್ತದೆ. ಊಟದ ಹೊತ್ತಿನ ನೆರಳಿನ ಪೂರ್ವದಂಚು ಅದನ್ನು ಆಗಷ್ಟೇ ಮುಟ್ಟಿರುತ್ತದೆ, ಆಟದ ಪೀರಿಯಡ್ಡಿನಲ್ಲಿ ಅದು ನೆರಳಿನ ನಟ್ಟನಡುವೆ ಇರುತ್ತದೆ. ಬೆಳಗ್ಗೆ ಬಿಸಿಲು ಬಿದ್ದರೂ ತಗಡು ಇನ್ನೂ ಅಷ್ಟು ಕಾದಿರುವುದಿಲ್ಲ. ‘ಆ’ ನಕ್ಷೆಯ ಪೂರ್ವದ ಸಸಿಗಳು ದೊಡ್ಡವಾದರೆ ಸಂಜೆಯ ನೆರಳು ಬೀಳುವುದು ಬೇಲಿಯಾಚೆಗೆ. ಅದೇ ಸಸಿಗಳನ್ನು ಪಶ್ಚಿಮದ ಕಡೆ ನೆಟ್ಟರೆ ಸಂಜೆಯ ನೆರಳೆಲ್ಲ ಅಂಗಳಕ್ಕೆ. ಒಂದೇ ಖರ್ಚು, ಬರೀ ಬೇಲಿ ಬದಲು.

ಹೊಂಗೆಯ ಬಗ್ಗೆ ಇನ್ನೊಂದು ಮಾತು. ಬೇಸಿಗೆಯ ಮೊದಲಲ್ಲಿ ಅದು ಸ್ವಲ್ಪ ಕಾಲ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಹೊಸ ಚಿಗುರು ತೊಡುತ್ತದೆ. ಆ ಕೆಲವು ವಾರ ನೆರಳು ತೆಳ್ಳಗಿರುತ್ತದೆ ಎಂಬುದು ಲೆಕ್ಕದಲ್ಲಿರಲಿ.

ನೆರಳಾದ ಮೇಲೆ ಬೀಳುವ ಜಾಗ. ಪ್ರತಿಯೊಂದು ಆಟದ ಸಾಮಾನಿಗೂ ಅದರ ಕಾಲುಗಳಾಚೆ ಒಂದು ಖಾಲಿ ಸುತ್ತು ಬೇಕು, ಮಗು ಬಿದ್ದರೆ, ಹಾರಿದರೆ, ಜಾರಿ ಹೊರಬಂದರೆ ತಲೆಗೆ ಏನೂ ತಗಲಬಾರದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಆಟದ ಮೈದಾನದ ಕೈಪಿಡಿ ಇದಕ್ಕೆ ಸ್ಪಷ್ಟ ಅಳತೆ ಕೊಡುತ್ತದೆ: ಎಲ್ಲ ಕಡೆಯೂ ಕನಿಷ್ಠ 6 ಅಡಿ, ಅಂದರೆ 1.8 ಮೀಟರ್. ಜೋಕಾಲಿಗೆ ಮಾತ್ರ ಬೇರೆ ಲೆಕ್ಕ. ಸರಪಳಿ ತೂಗುಹಾಕಿದ ಕಂಬಿ ನೆಲದಿಂದ ಎಷ್ಟು ಎತ್ತರವೋ ಅದರ ಎರಡು ಪಟ್ಟು ಜಾಗ ಮುಂದೆ, ಅಷ್ಟೇ ಹಿಂದೆ.

ಕಂಬಿ 2.1 ಮೀಟರ್ ಎತ್ತರವಿದ್ದರೆ ಮುಂದೆ 4.2, ಹಿಂದೆ 4.2, ಒಟ್ಟು 8.4 ಮೀಟರ್. ಚೌಕಟ್ಟು 3 ಮೀಟರ್ ಅಗಲವಿದ್ದರೆ ಎರಡೂ ಬದಿ ಸೇರಿ 6.6 ಮೀಟರ್. ನಕ್ಷೆ ಬರೆಯುವವರು ಜೋಕಾಲಿಯನ್ನು 3 ಮೀಟರಿನ ಒಂದು ಗೆರೆಯಾಗಿ ಬರೆಯುತ್ತಾರೆ, ಅದು ಕೇಳುವುದು 8.4×6.6 ಮೀಟರಿನ ಕೋಣೆ. ರಟ್ಟಿನಲ್ಲಿ 8.4×6.6 ಸೆಂಟಿಮೀಟರಿನ ಒಂದು ತುಂಡು ಕತ್ತರಿಸಿಕೊಂಡು ಅದನ್ನೇ ನಕ್ಷೆಗಳ ಮೇಲೆ ಸರಿದಾಡಿಸಿ. ‘ಅ’ ನಕ್ಷೆಯಲ್ಲಿ ಹೊಂಗೆಯ ತಲೆ 8 ಮೀಟರ್, ಜೋಕಾಲಿಯೊಂದೇ ಅದಕ್ಕಿಂತ ಉದ್ದ. ನೆರಳಿನೊಳಗೆ ಅದನ್ನು ಹೇಗೆ ತಿರುಗಿಸಿ ಇಟ್ಟರೂ ರಟ್ಟಿನಡಿಗೆ ಮರದ ಕಾಂಡ ಬರುತ್ತದೆ, ಜಾರುಬಂಡೆಯ ರಟ್ಟು ಅದರ ಮೇಲೇ ಹತ್ತುತ್ತದೆ. ನೋಡಲು ಎಲ್ಲಕ್ಕಿಂತ ತಂಪಾಗಿದ್ದ ನಕ್ಷೆ ಇಲ್ಲಿಗೆ ಮುಗಿಯಿತು.

ಇಲ್ಲಿ ಅಂಕ ಕೊಡುವ ಪದ್ಧತಿ ಮೋಸ ಮಾಡುತ್ತದೆ. ನೆರಳಿಗೆ 10ಕ್ಕೆ 9, ಸುರಕ್ಷತೆಗೆ 4, ಕಣ್ಣಳತೆಗೆ 8 ಎಂದು ಕೂಡಿಸಿದರೆ ‘ಅ’ ಗೆದ್ದರೂ ಗೆಲ್ಲಬಹುದು. ಆದರೆ ಬೀಳುವ ಜಾಗದಲ್ಲಿ ಕಾಂಡವಿದೆ ಎಂಬುದು ಕಡಿಮೆ ಅಂಕದ ವಿಷಯವಲ್ಲ, ಆ ನಕ್ಷೆಯನ್ನು ಪಕ್ಕಕ್ಕಿಡುವ ವಿಷಯ. ರಟ್ಟುಗಳು ಒಂದರ ಮೇಲೊಂದು ಹತ್ತುವ ನಕ್ಷೆಯನ್ನು ಮೊದಲು ತಿದ್ದಬೇಕು, ಆಮೇಲಷ್ಟೇ ಉಳಿದವುಗಳೊಂದಿಗೆ ಹೋಲಿಸಬೇಕು.

ಬೀಳುವ ಜಾಗಕ್ಕೆ ಏನು ತುಂಬಬೇಕೆಂಬುದೂ ನಕ್ಷೆಯಲ್ಲೇ ಇರಬೇಕು. ನಮ್ಮ ಕೆಮ್ಮಣ್ಣು ನಾಲ್ಕು ದಿನ ಕಾಲು ತುಳಿತಕ್ಕೆ ಸಿಮೆಂಟಿನಷ್ಟು ಗಟ್ಟಿಯಾಗುತ್ತದೆ. ಎಂ ಸ್ಯಾಂಡ್ ಸುಲಭವಾಗಿ ಸಿಗುತ್ತದೆಂದು ಅದನ್ನು ಸುರಿಸುವುದೂ ತಪ್ಪು. ಅದರ ಕಣಗಳು ಕೋನಕೋನವಾಗಿ, ಜೊತೆಗೆ ಪುಡಿಯೂ ಬೆರೆತು, ನೀರು ಬಿದ್ದರೆ ಕಚ್ಚಿಕೊಂಡು ಕೂರುತ್ತದೆ. ಪುಡಿ ಇಲ್ಲದ, ಉರುಟು ಕಣಗಳ ತೊಳೆದ ಮರಳು ಬೇಕು. ಅದೂ ಒತ್ತಿ ಕೂತ ಮೇಲೆ 9 ಅಂಗುಲ, ಸುಮಾರು 23 ಸೆಂಟಿಮೀಟರ್ ದಪ್ಪ ಉಳಿಯಬೇಕು. ಅಷ್ಟಿದ್ದರೂ ಅದೇ ಕೈಪಿಡಿಯ ಪ್ರಕಾರ ಮರಳು ತಾಳುವುದು 4 ಅಡಿ ಎತ್ತರದಿಂದ ಬೀಳುವುದನ್ನು ಮಾತ್ರ. ಹಾಗಾಗಿ ಜಾರುಬಂಡೆಯ ಅಟ್ಟ 1.2 ಮೀಟರ್ ದಾಟಬಾರದು.

ಜೋಕಾಲಿಯ ‘ಬೀಳುವ ಎತ್ತರ’ ಎಂದರೆ ಮಣೆಯ ಎತ್ತರವಲ್ಲ, ಮೇಲಿನ ಕಂಬಿಯ ಎತ್ತರ. 2.1 ಮೀಟರಿಗೆ ಮರಳು ಸಾಲದು. ಮರದ ಚಕ್ಕೆಯನ್ನು ಅಷ್ಟೇ ದಪ್ಪ ಹಾಕಿದರೆ ಸಾಕಾಗುತ್ತದೆ, ಆದರೆ ನಮ್ಮ ಕಡೆ ಗೆದ್ದಲು ಅದನ್ನು ಬಿಡುವುದಿಲ್ಲ, ಕೊಳೆತು ಪುಡಿಯಾದಷ್ಟನ್ನೂ ಮತ್ತೆ ಮತ್ತೆ ತುಂಬುತ್ತಿರಬೇಕು. ಅದನ್ನು ತುಂಬುವ ವ್ಯವಸ್ಥೆ ಇಲ್ಲದ ಶಾಲೆ ಜೋಕಾಲಿಯನ್ನೇ ಕೈಬಿಟ್ಟು, ಮೊಣಕಾಲೆತ್ತರದ ನಡಿಗೆ ದಿಮ್ಮಿ ಹಾಕಿಕೊಳ್ಳುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಟೀಚರ ಕಣ್ಣಳತೆ. ಬಿಡುವಿನಲ್ಲಿ ನೋಡಿಕೊಳ್ಳುವವರು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಅವರು ನಿಜವಾಗಿ ಎಲ್ಲಿ ನಿಲ್ಲುತ್ತಾರೋ ಅಲ್ಲಿಂದ ಅಳೆಯಬೇಕು, ಅಂದರೆ ಜಗಲಿಯ ನಡುವಿನ ಮೆಟ್ಟಿಲಿಂದ. ಹಾಳೆಯ ಮೇಲೆ ಆ ಬಿಂದುವಿಗೊಂದು ಗುಂಡುಪಿನ್ ಚುಚ್ಚಿ ದಾರ ಕಟ್ಟಿ. ದಾರವನ್ನು ಎಳೆದು ಸುತ್ತಿಸುತ್ತಾ ಹೋದರೆ ಗೋಡೆ, ಕಟ್ಟೆ, ಶೌಚಾಲಯ ಯಾವುದಕ್ಕೆ ತಗಲುತ್ತದೋ ಅದರ ಹಿಂದಿನ ತ್ರಿಕೋನವೆಲ್ಲ ಕಾಣದ ಜಾಗ. ಅದನ್ನು ಪೆನ್ಸಿಲಿನಿಂದ ಮಸಿ ಮಾಡಿ. ನಮ್ಮ ಆವರಣದಲ್ಲಿ ಶೌಚಾಲಯಕ್ಕೂ ಬೇಲಿಗೂ ನಡುವೆ ಒಂದೂವರೆ ಮೀಟರಿನ ಸಂದು ಇದೆ. ಅದು ಮೂರೂ ನಕ್ಷೆಗಳಲ್ಲಿ ಮಸಿಯಾಗುತ್ತದೆ. ಅದಕ್ಕೆ ಬೀಗ ಹಾಕಬಹುದಾದ ಕಂಬಿ ಜಾಲರಿಯೇ ಸರಿ, ಕಲ್ಲು ಕಟ್ಟಿ ಮುಚ್ಚಿದರೆ ಪಿಟ್ ತೆಗೆಯಲು ದಾರಿ ಇರುವುದಿಲ್ಲ.

ಮೇಲಿಂದ ನೋಡಿ ಬರೆದ ನಕ್ಷೆ ಎತ್ತರವನ್ನು ತೋರಿಸುವುದಿಲ್ಲ, ‘ಆ’ ನಕ್ಷೆ ಜಾರಿದ್ದು ಇಲ್ಲೇ. ಹಾಳೆಯ ಮೇಲೆ ದಾಸವಾಳ ಒಂದು ಹಸಿರು ಗೆರೆ, ಅಷ್ಟೆ. ಲೆಕ್ಕ ಹಾಕಿ ನೋಡಿ. ಟೀಚರ ಕಣ್ಣು ನೆಲದಿಂದ 1.5 ಮೀಟರ್. 20 ಮೀಟರ್ ದೂರದಲ್ಲಿ 1.2 ಮೀಟರ್ ಎತ್ತರದ ದಾಸವಾಳ. ಕಣ್ಣಿನಿಂದ ಗಿಡದ ತುದಿ ಸವರಿ ಹೋದ ನೋಟ ಅದರಾಚೆ 3 ಮೀಟರಿನಲ್ಲಿ ಇನ್ನೂ 1.15 ಮೀಟರ್ ಎತ್ತರದಲ್ಲೇ ಇರುತ್ತದೆ. ಒಂದನೇ ತರಗತಿಯ ಮಗು ಸುಮಾರು 1.1 ಮೀಟರ್. ಪೂರ್ತಿ ಮರೆ. ಜಗಲಿ ಅಂಗಳಕ್ಕಿಂತ 45 ಸೆಂಟಿಮೀಟರ್ ಮೇಲಿದ್ದರೂ ನೆತ್ತಿಯ ಕೂದಲಷ್ಟೇ ಕಂಡೀತು. ಅದೇ ಗಿಡವನ್ನು 60 ಸೆಂಟಿಮೀಟರಿಗೆ ಕತ್ತರಿಸಿ ಇಟ್ಟರೆ ಮಗುವಿನ ತೊಡೆಯ ಮೇಲಿಂದ ಎಲ್ಲವೂ ಕಾಣುತ್ತದೆ. ಆದರೆ ದಾಸವಾಳ ಮಳೆಗಾಲದಲ್ಲಿ ಎಷ್ಟು ಬೇಗ ಏಳುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಎರಡು ತಿಂಗಳು ಕತ್ತರಿ ಆಡದಿದ್ದರೆ ನಕ್ಷೆಯ ಗೆರೆ ಗೋಡೆಯಾಗುತ್ತದೆ. ಮರದ ಕೆಳಗಿನ ಕೊಂಬೆಗಳಿಗೂ ಇದೇ ನಿಯಮ, 2 ಮೀಟರಿಗಿಂತ ಕೆಳಗೆ ಇಳಿಬಿದ್ದದ್ದು ಕಣ್ಣಿಗೆ ಅಡ್ಡ.

ಇನ್ನು ‘ಇ’. ರಟ್ಟುಗಳು ಹತ್ತುವುದಿಲ್ಲ, ಜಾರುಬಂಡೆಗೆ ಸಂಜೆಯ ನೆರಳಿದೆ, ಜಗಲಿಯಿಂದ ಎಲ್ಲವೂ ಕಾಣುತ್ತದೆ. ಜೋಕಾಲಿ ಬೇಲಿಗೆ ಸಮಾನಾಂತರವಾಗಿ, ಪೂರ್ವ ಪಶ್ಚಿಮಕ್ಕೆ ಆಡುತ್ತದೆ. ಮಕ್ಕಳು ಬರುವುದು ಉತ್ತರದಿಂದ, ಅಂದರೆ ಅದರ ಬದಿಯಿಂದ, ಯಾರಾದರೂ ಮಣೆಯ ಮುಂದೆ ನುಗ್ಗಿದರೆ ಟೀಚರಿಗೆ ಪಕ್ಕದ ನೋಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಈ ನಕ್ಷೆಯಲ್ಲಿ ಒಂದು ತಪ್ಪಿದೆ. ಮಕ್ಕಳು ಓಡಾಡುವ ದಾರಿಗಳನ್ನು ಎಳೆಯುವ ತನಕ ಅದು ಕಾಣುವುದಿಲ್ಲ.

ಜಗಲಿಯ ನಡುಮೆಟ್ಟಿಲಿಂದ ನೈಋತ್ಯದ ಶೌಚಾಲಯಕ್ಕೆ ನೇರ ಗೆರೆ ಎಳೆದರೆ ಅದು ಜಾರುಬಂಡೆಯ ಖಾಲಿ ಸುತ್ತಿನೊಳಗೇ ಹಾದುಹೋಗುತ್ತದೆ. ಬೆಲ್ ಹೊಡೆಯುವ ಮುಂಚೆ ಓಡುವ ಮಗು ಬಳಸಿಕೊಂಡು ಹೋಗುವುದಿಲ್ಲ, ನೇರ ಓಡುತ್ತದೆ, ಕೆಳಗೆ ಜಾರಿಬರುವ ಮಗುವಿನ ಎದುರಿಗೆ. ಜಾರುಬಂಡೆಯನ್ನು ಸರಿಸಿದರೆ ನೆರಳು ತಪ್ಪುತ್ತದೆ. ಆದ್ದರಿಂದ ಸರಿಯಬೇಕಾದ್ದು ದಾರಿ. ಜಗಲಿಯ ಪಶ್ಚಿಮದ ತುದಿಗೆ ಎರಡು ಮೆಟ್ಟಿಲು ಕಟ್ಟಿದರೆ ಅಲ್ಲಿಂದ ಬೇಲಿಗೂ ಹೊಂಗೆಗೂ ನಡುವಿನ ಜಾಗದಲ್ಲಿ ಶೌಚಾಲಯಕ್ಕೆ ನೇರ ದಾರಿ ಸಿಗುತ್ತದೆ, ಬೆಳಗಿನ ಹೊತ್ತು ಅದರ ಮೇಲೆ ನೆರಳೂ ಇರುತ್ತದೆ. ನಡುಮೆಟ್ಟಿಲಿನ ಕಡೆಯಿಂದ ಅಡ್ಡ ನುಗ್ಗದಂತೆ ಅಂಚು ಉರುಟಾದ ನಾಲ್ಕಾರು ಕುಳಿತುಕೊಳ್ಳುವ ಕಲ್ಲುಗಳನ್ನು ಇಡಬಹುದು, ಆದರೆ ಖಾಲಿ ಸುತ್ತಿನ ಹೊರಗೆ. ಚಪ್ಪಡಿ ಕಲ್ಲನ್ನು ಒಡೆದ ಹಾಗೇ ನಿಲ್ಲಿಸಬಾರದು, ಅದರ ಅಂಚು ಕತ್ತಿಯಂತಿರುತ್ತದೆ.

ಜಾರುಬಂಡೆಯ ಮರಳಿನ ಗುಂಡಿಯ ಪಶ್ಚಿಮದ ಅಂಚು ಹೊಂಗೆಯ ತಲೆಯ ಕೆಳಗೆ ಒಂದು ಮೀಟರಿನಷ್ಟು ನುಗ್ಗುತ್ತದೆ. ಆ ಭಾಗದಲ್ಲಿ ಅಗೆದರೆ ಬೇರು ಹರಿದು ನೆರಳು ಕೊಡುವ ಮರವೇ ಸೊರಗುತ್ತದೆ. ಅಲ್ಲಿ ಅಗೆಯದೆ ನೆಲದ ಮೇಲೇ ಮರಳು ಏರಿಸಿ, ಅಂಚಿನ ಕಲ್ಲನ್ನು 1.8 ಮೀಟರಿನಾಚೆ ಇಡಿ, ಕಾಂಡಕ್ಕೆ ಮರಳು ತಾಗದಿರಲಿ. ಒಣಗಿದ ಕೊಂಬೆಗಳನ್ನು ಪ್ರತಿ ವರ್ಷ ಗಾಳಿಮಳೆಗೆ ಮುಂಚೆ ಇಳಿಸಬೇಕು.

ಜೋಕಾಲಿಗೆ ‘ಇ’ ನಕ್ಷೆಯಲ್ಲಿ ಸದ್ಯಕ್ಕೆ ನೆರಳಿಲ್ಲ. ಅದರ ಪಶ್ಚಿಮಕ್ಕೆ, ಶೌಚಾಲಯಕ್ಕೂ ಜೋಕಾಲಿಯ ಖಾಲಿ ಜಾಗಕ್ಕೂ ನಡುವೆ ಒಂದು ಹೊಂಗೆ ಸಸಿ ನೆಟ್ಟರೆ ಕೆಲವು ವರ್ಷಗಳಲ್ಲಿ ಸಂಜೆಯ ನೆರಳು ಸಿಗುತ್ತದೆ. ಅಲ್ಲಿಯವರೆಗೆ ಟೊಮೆಟೊ ಸಸಿಮಡಿಗೆ ಹಾಕುವ ಶೇಡ್ ನೆಟ್ ಕಟ್ಟುವ ಯೋಚನೆ ಬರುವುದು ಸಹಜ. ಕಟ್ಟಬಹುದು, ಆದರೆ ಅದರ ಕಂಬಗಳು 8.4×6.6 ಮೀಟರಿನ ರಟ್ಟಿನ ಹೊರಗೇ ಬರಬೇಕು, ಏಪ್ರಿಲ್‌ನ ಬಿರುಗಾಳಿಗೆ ಮುಂಚೆ ಬಲೆ ಬಿಚ್ಚಿಡಬೇಕು. ಹಾಗೆ ಅಗಲ ಮಾಡಲಾಗದಿದ್ದರೆ ಬಲೆ ಬೇಡ, ಬಿಸಿಲಿನ ಹೊತ್ತು ಜೋಕಾಲಿಯ ಮಣೆಗಳನ್ನು ಬಿಚ್ಚಿ ಒಳಗಿಡುವುದೇ ಸರಿ.

ಕಾಂಕ್ರೀಟಿಗೆ ಮುಂಚೆ ಉಳಿದಿರುವುದು ನೆಲದ ಮೇಲಿನ ಪರೀಕ್ಷೆ. ಆರಿಸಿದ ನಕ್ಷೆಯನ್ನು ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಲ್ಲಿ ಪೂರ್ತಿ ಅಳತೆಗೆ ಬಯಲಲ್ಲೇ ಬರೆಯಿರಿ, ಖಾಲಿ ಸುತ್ತುಗಳನ್ನೂ ಸೇರಿಸಿ. ಶಾಲೆ ನಡೆಯುವ ದಿನವೇ ಬರೆಯಿರಿ. ಒಬ್ಬರು 1.1 ಮೀಟರಿನ ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಅಂಗಳವನ್ನೆಲ್ಲ ಸುತ್ತಲಿ, ಜಗಲಿಯಲ್ಲಿ ನಿಂತ ಟೀಚರ್ ಬಟ್ಟೆ ಮರೆಯಾದಾಗಲೆಲ್ಲ ಕೂಗಲಿ, ಅಲ್ಲಿ ಗುರುತು ಬೀಳಲಿ. ಊಟದ ಬಿಡುವಿನಲ್ಲಿ ಮಕ್ಕಳನ್ನು ಅವರ ಪಾಡಿಗೆ ಬಿಡಿ. ಬಿಡುವು ಮುಗಿದ ಮೇಲೆ ಸುಣ್ಣದ ಗೆರೆ ಎಲ್ಲೆಲ್ಲಿ ಅಳಿಸಿದೆಯೆಂದು ನೋಡಿ. ಜಾರುಬಂಡೆಯ ಸುತ್ತಿನ ಗೆರೆ ನಡುಮೆಟ್ಟಿಲಿನ ಕಡೆ ಮತ್ತು ಶೌಚಾಲಯದ ಕಡೆ ಎರಡೂ ಬದಿ ಅಳಿಸಿದ್ದರೆ, ಪಶ್ಚಿಮದ ಮೆಟ್ಟಿಲು ಕಟ್ಟುವ ತನಕ ಜಾರುಬಂಡೆಯ ಕಾಲಿಗೆ ಗುಂಡಿ ತೋಡಬೇಡಿ.